ಅಪ್ಪನ ದನಿ ಹನ್ನೊಂದು ಎಂಬಿ

ಈ ಅಂಕಣದಲ್ಲಿ ಸಾಮಾನ್ಯವಾಗಿ ಸಿನಿಮಾನೋ ಪುಸ್ತಕಾನೋ ಹಿಡಿದು ಜಗ್ಗಾಡೋದು ನನ್ನ ಅಭ್ಯಾಸ. ಈ ಸಲ ಒಂದು ಪಟ್ಟಿಯ ವಿಮರ್ಶೆ ಬರೀತಿದೀನಿ. ನಿಮ್ಮ ಫೋನಿನಲ್ಲೂ ಇದೆ, ನೀವೂ ಓದಿರ್ತೀರಿ, ಆದ್ರೆ ಪೂರ್ತಿ ಓದಿರಲ್ಲ. ಸ್ಟೋರೇಜ್ ತುಂಬಿದಾಗ ಯಾವುದು ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿಕೊಂಡು ತೋರಿಸುವ ಪಟ್ಟಿ ಅದು.

ನಾನು ಅದನ್ನ ಕೊನೆಯ ಸಾಲಿನವರೆಗೂ ಓದಿದ್ದು ಒಂದು ಶನಿವಾರ ರಾತ್ರಿ, ತಿಪಟೂರಿನ ನಮ್ಮ ಮನೆಯ ಊಟದ ಟೇಬಲ್ ಮೇಲೆ. ಅಮ್ಮನ ಫೋನಿನ ಪರದೆ ಮೇಲೆ ಮೂರು ವಾರದಿಂದ ಹಸಿರು ಗೆರೆಯೊಂದು ಎದ್ದು ನಿಂತಿತ್ತು. ಆ ಶನಿವಾರದ ಹೊತ್ತಿಗೆ ಗೆರೆ ಮೂರಾಗಿ, ಕೆಳಗಿನ ಕಾಲು ಭಾಗಕ್ಕೆ ಬೆರಳಿಟ್ಟರೆ ಏನೂ ಆಗ್ತಿರಲಿಲ್ಲ. ಹೊಸ ಫೋನು ಆರ್ಡರ್ ಆಗಿತ್ತು, ಮಂಗಳವಾರ ಬರೋದಿತ್ತು. ಹೊಸದು ಕೈಯಲ್ಲಿದ್ದಿದ್ದರೆ ವಾಟ್ಸಾಪಿನಲ್ಲೇ ಒಂದು ಫೋನಿನಿಂದ ಇನ್ನೊಂದಕ್ಕೆ ಕ್ಯೂಆರ್ ಕೋಡ್ ತೋರಿಸಿ ಚಾಟುಗಳನ್ನ ನೇರವಾಗಿ ದಾಟಿಸಬಹುದಿತ್ತು. ಆದ್ರೆ ಈ ಪರದೆ ಮಂಗಳವಾರದವರೆಗೆ ಬದುಕಿರತ್ತೆ ಅಂತ ಯಾರು ಹೇಳಬೇಕು? ಹಾಗಾಗಿ ಇವತ್ತೇ ಬ್ಯಾಕಪ್ ಮಾಡಿಬಿಡೋಣ ಅಂತ ವಾಟ್ಸಾಪಿನ ಸೆಟ್ಟಿಂಗ್ಸಿಗೆ ಹೋಗಿ, ಚಾಟ್ಸ್ ಒಳಗೆ ಚಾಟ್ ಬ್ಯಾಕಪ್ ಒತ್ತಿದೆ. ಕೊನೆಯ ಬ್ಯಾಕಪ್ ಆಗಿದ್ದು ಹನ್ನೊಂದು ತಿಂಗಳ ಹಿಂದೆ.

ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು.

ನಡುವಿನ ಮೂರು ತಿಂಗಳ ಲೆಕ್ಕ ಅಮ್ಮನಿಗೆ ಹೇಳಲಿಲ್ಲ. ಅಪ್ಪ ವಾರದಲ್ಲಿ ನಾಲ್ಕೈದು ದಿನ ತೋಟದ ಮನೇಲೇ ಇರ್ತಿದ್ರು, ಅಮ್ಮ ಊರಲ್ಲಿ. ಕನ್ನಡ ಟೈಪ್ ಮಾಡೋಕೆ ಅಪ್ಪನಿಗೆ ಬೇಜಾರು. ಎಲ್ಲಾದಕ್ಕೂ ವಾಯ್ಸ್ ಮೆಸೇಜೇ. "ಕರೆಂಟ್ ಬಂತು, ಮೋಟರ್ ಹಾಕಿದೀನಿ, ಊಟಕ್ ಬರಲ್ಲ." "ಕೊಬ್ಬರಿ ರೇಟ್ ಎಷ್ಟಾಯ್ತಂತೆ ಕೇಳು." ಇಂಥವು. ಕೊನೆಯ ಮೂರು ತಿಂಗಳಿನವು ಈ ಗೆರೆ ಬಿದ್ದ ಫೋನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಅಪ್ಪನ ಫೋನನ್ನ ತಮ್ಮ ಯಾವಾಗಲೋ ರೀಸೆಟ್ ಮಾಡಿ ತೋಟ ನೋಡ್ಕೊಳ್ಳುವವರಿಗೆ ಕೊಟ್ಟಾಗಿತ್ತು.

"ಅದ್ಯಾವ್ದೋ ಮೆಸೇಜ್ ದಿನಾ ಬತ್ತಿತ್ತು ಕಣೋ, ಜಾಗ ಇಲ್ಲ ಅಂತ. ನಿಂಗೆ ಯುಗಾದಿಲೇ ತೋರ್ಸಿದ್ನಲ್ಲ" ಅಂದ್ಳು ಅಮ್ಮ. ತೋರ್ಸಿದ್ದಳು. "ಆಮೇಲೆ ನೋಡಣ ಬಿಡಮ್ಮ" ಅಂದಿದ್ದವನು ನಾನೇ. ಪಾಪ, ಅವಳು ಅದನ್ನ ದಿನಾ ಬೆಳಿಗ್ಗೆ ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಕೆಲಸ ನೋಡ್ಕೊಂಡಿದ್ದಳು.

ಹನ್ನೊಂದು ತಿಂಗಳ ಹಿಂದಿನವರೆಗೂ ಸರಿಯಾಗಿದ್ದದ್ದು ಆಮೇಲೆ ಯಾಕೆ ನಿಂತಿತು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗೂಗಲ್ ಖಾತೆಯೊಂದಕ್ಕೆ ಪುಕ್ಕಟೆಯಾಗಿ ಸಿಗೋದು 15 ಜಿಬಿ. ಜೀಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಆದ್ರೆ ತುಂಬಾ ವರ್ಷ ನಮ್ಮಲ್ಲಿ ಯಾರಿಗೂ ಈ ಮಿತಿ ತಾಕಿರಲೇ ಇಲ್ಲ, ಯಾಕೆಂದ್ರೆ ಎರಡು ದೊಡ್ಡ ವಿನಾಯಿತಿ ಇದ್ದವು. ಒಂದು, ಫೋಟೋಗಳನ್ನ ಸ್ವಲ್ಪ ಕುಗ್ಗಿಸಿದ ಗುಣಮಟ್ಟದಲ್ಲಿ ಏರಿಸಿದರೆ ಲೆಕ್ಕಕ್ಕೇ ಬರ್ತಿರಲಿಲ್ಲ. ಅದು ಮುಗಿದದ್ದು 2021ರ ಜೂನ್ 1ಕ್ಕೆ. ಅದಕ್ಕಿಂತ ಮುಂಚೆ ಹಾಗೆ ಏರಿಸಿದವು ಈಗಲೂ ಲೆಕ್ಕಕ್ಕಿಲ್ಲ, ಆಮೇಲಿನವೆಲ್ಲ ಲೆಕ್ಕಕ್ಕೆ. ಎರಡನೇದು, ಆಂಡ್ರಾಯ್ಡಿನಲ್ಲಿ ವಾಟ್ಸಾಪ್ ಬ್ಯಾಕಪ್ 2018ರ ಕೊನೆಯಿಂದ ಪುಕ್ಕಟೆ ಇತ್ತು, ಎಷ್ಟು ಜಿಬಿ ಆದ್ರೂ. ಆ ಸವಲತ್ತನ್ನ ವಾಪಸ್ ತಗೋತೀವಿ ಅಂತ 2023ರ ನವೆಂಬರಿನಲ್ಲಿ ಘೋಷಿಸಿ, 2024ರಲ್ಲಿ ಎಲ್ಲರಿಗೂ ಜಾರಿ ಮಾಡಿದರು. ಅಂದ್ರೆ ನಿಮ್ಮ ಮನೇಲಿ ಹಿರಿಯರ ಫೋನು ಇದ್ದಕ್ಕಿದ್ದಂತೆ ತುಂಬಿದ್ದು ಅವರು ಜಾಸ್ತಿ ಫೋಟೋ ತೆಗೆದದ್ದರಿಂದಲೇ ಇರಬೇಕಾಗಿಲ್ಲ, ಅಳತೆಯ ಸೇರೇ ನಡುವೆ ಬದಲಾಯ್ತು. ಐಫೋನಿನವರು ನಗಬೇಡಿ. ಐಕ್ಲೌಡಿನ ಪುಕ್ಕಟೆ ಜಾಗ 2011ರಲ್ಲಿ ಶುರುವಾದಾಗ 5 ಜಿಬಿ ಇತ್ತು, ಈಗಲೂ ಅಷ್ಟೇ ಇದೆ.

ನಾನು ಮಾಡಿದ ಮೊದಲ ತಪ್ಪು ಬಹುಶಃ ನೀವೂ ಮಾಡಿರ್ತೀರಿ. "ಜಾಗ ಇಲ್ಲ" ಅಂದ ತಕ್ಷಣ ಫೋನಿನ ಜಾಗ ಖಾಲಿ ಮಾಡೋಕೆ ಕೂತೆ. ಅಮ್ಮ ಎಂದೂ ತೆರೆಯದ ನಾಲ್ಕು ಆಪ್ ಕಿತ್ತೆ. ಫೋಟೋಸ್ ಆಪಿನಲ್ಲಿರುವ Free up space ಅನ್ನೋದನ್ನ ಒತ್ತಿದೆ. ಫೋನು ಆರು ಜಿಬಿ ಹಗುರಾಯ್ತು, ಖುಷಿಯಾಯ್ತು. ಮತ್ತೆ ಬ್ಯಾಕಪ್ ಒತ್ತಿದೆ. ಅದೇ ಸಂದೇಶ. ಯಾಕೆಂದ್ರೆ ಆ ಗುಂಡಿ ಮಾಡೋದು ಇಷ್ಟೇ: ಈಗಾಗಲೇ ಕ್ಲೌಡಿಗೆ ಏರಿರುವ ಫೋಟೋಗಳ ಫೋನಿನ ಪ್ರತಿಯನ್ನ ತೆಗೆಯುತ್ತೆ. ಕ್ಲೌಡಿನ ತೂಕ ಒಂದು ಗುಲಗಂಜಿಯಷ್ಟೂ ಇಳಿಯಲ್ಲ. ಮನೆ ಅಟ್ಟ ಖಾಲಿ ಮಾಡಿ, ಊರ ಉಗ್ರಾಣದಲ್ಲಿ ಜಾಗ ಆಯ್ತಾ ಅಂತ ಕೇಳಿದ ಹಾಗೆ.

ಇಲ್ಲಿಗೆ ನನ್ನ ವಿಮರ್ಶೆಯ ಮೊದಲ ತಕರಾರು. ಸ್ಟೋರೇಜ್, ಬ್ಯಾಕಪ್ ಅನ್ನೋ ಎರಡು ಪದಗಳಲ್ಲಿ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳನ್ನ ತುಂಬಿದಾರೆ. ಫೋನಿನ ಜಾಗ ಒಂದು. ಫೋಟೋಸ್ ಮಾಡುವ ಬ್ಯಾಕಪ್ ಇನ್ನೊಂದು. ಅದು ಕನ್ನಡಿಯಿದ್ದ ಹಾಗೆ, ಮಾಮೂಲಿಯಾಗಿ ಆಪಿನಲ್ಲಿ ಒಂದು ಫೋಟೋ ಅಳಿಸಿದರೆ ಕ್ಲೌಡಿನಲ್ಲೂ ಹೋಗತ್ತೆ. ವಾಟ್ಸಾಪಿನ ಬ್ಯಾಕಪ್ ಮೂರನೇದು. ಅದು ಕನ್ನಡಿಯಲ್ಲ, ಒಂದೇ ಒಂದು ಚಿತ್ರ. ಫೋನಿನಲ್ಲಿ ಈ ಹೊತ್ತು ಏನಿದೆಯೋ ಅದರ ಚಿತ್ರ ತೆಗೆದು ಹಳೇದರ ಜಾಗದಲ್ಲಿ ಇಡತ್ತೆ. ಅಂದ್ರೆ ಇವತ್ತು ಚಾಟಿನಿಂದ ಅಳಿಸಿದ ವಾಯ್ಸ್ ಮೆಸೇಜು ನಾಳೆಯ ಬ್ಯಾಕಪ್ಪಿನಲ್ಲಿ ಇರಲ್ಲ. "ಬ್ಯಾಕಪ್ ಆಗಿದೆಯಲ್ಲ, ಫೋನಿಂದ ಅಳಿಸಿದರೆ ಏನಂತೆ" ಅಂದ್ಕೊಳ್ಳೋರು ಕಳ್ಕೊಳ್ಳೋದು ಇಲ್ಲೇ. ಮೂರಕ್ಕೂ ಒಂದೇ ಹೆಸರು, ಒಂದೇ ಥರದ ಬಣ್ಣದ ಪಟ್ಟಿ. ತುಂಬಿದಾಗ ಎಲ್ಲದರ ಕೆಳಗೂ ಇನ್ನಷ್ಟು ಜಾಗ ಕೊಳ್ಳಿ ಅನ್ನೋ ಗುಂಡಿ ಮಾತ್ರ ಸ್ಪಷ್ಟವಾಗಿರತ್ತೆ.

ಕೊಂಡುಬಿಡಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ತಿಂಗಳಿಗೆ ಒಂದು ಮಸಾಲೆ ದೋಸೆ, ಒಂದು ಕಾಫಿಯ ದುಡ್ಡು. ನನ್ನ ಖಾತೆಗೆ ಕೊಂಡಿದೀನಿ ಕೂಡ. ಅಮ್ಮ ಒಪ್ಪಲಿಲ್ಲ. "ಅವರ ಜಾಗ್ದಾಗೆ ನಮ್ ಕಸ ಇಡಕ್ಕೆ ತಿಂಗ್ಳು ತಿಂಗ್ಳು ಬಾಡ್ಗೆ ಕೊಡ್ಬೇಕೇನೋ? ಮೊದ್ಲು ಕಸ ತೆಗಿ, ಆಮೇಲ್ ನೋಡಣ." ವಾದದಲ್ಲಿ ಹುರುಳಿತ್ತು. ಬಾಡಿಗೆ ಕೊಡೋದನ್ನ ಒಂದಿನ ನಿಲ್ಲಿಸಿದರೆ ಮತ್ತೆ ಇದೇ ಟೇಬಲ್ಲಿಗೆ ಬರಬೇಕು, ಆಗ ಪಟ್ಟಿ ಇನ್ನೂ ಉದ್ದ ಇರತ್ತೆ. ಜೊತೆಗೆ, ಮಿತಿ ದಾಟಿ ಸುಮ್ಮನೆ ಕೂರೋಕೂ ಆಗಲ್ಲ. ಜೀಮೇಲಿಗೆ ಹೊಸ ಮೇಲ್ ಬರೋದೇ ನಿಲ್ಲತ್ತೆ. ಎರಡು ವರ್ಷ ಹಾಗೇ ಮಿತಿ ಮೀರಿದ್ದರೆ ಇರೋದನ್ನೂ ಅಳಿಸಬಹುದು ಅಂತ ಗೂಗಲ್ಲಿನ ನಿಯಮವೇ ಹೇಳತ್ತೆ.

ಅಳಿಸುವ ಮುಂಚೆ ಅಪ್ಪನ ದನಿಯನ್ನ ಹೊರಗೆ ತೆಗೆಯಬೇಕಿತ್ತು. ಕ್ಲೌಡ್ ಗಿಲೌಡ್ ಬಿಟ್ಟು ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಸೇರಿಸಿದೆ. ಫೋನಿನ ಪರದೆಯ ಮೇಲೆ ಫೈಲ್ ಟ್ರಾನ್ಸ್‌ಫರ್ ಆರಿಸಿದ ಮೇಲೆ ಇಲ್ಲಿಗೆ ಹೋಗಬೇಕು:

```
Android/media/com.whatsapp/WhatsApp/Media/WhatsApp Voice Notes
```

ಒಳಗೆ ವಾರಕ್ಕೊಂದು ಫೋಲ್ಡರು. ಹೆಸರು ಆರು ಅಂಕಿ, ಮೊದಲ ನಾಲ್ಕು ಇಸವಿ, ಉಳಿದೆರಡು ವರ್ಷದ ಎಷ್ಟನೇ ವಾರ ಅನ್ನೋದು. ಫೋಲ್ಡರಿನೊಳಗಿನ ಫೈಲುಗಳ ಹೆಸರು PTT ಅಂತ ಶುರುವಾಗಿ, ತಾರೀಖು, ಆಮೇಲೆ WA0007 ಥರದ ಒಂದು ಕ್ರಮಸಂಖ್ಯೆ, ಕೊನೆಗೆ .opus. ಯಾರದ್ದು ಅನ್ನೋದು ಮಾತ್ರ ಎಲ್ಲೂ ಇಲ್ಲ. ಅಮ್ಮನ ತಂಗಿಯ ಮುಕ್ಕಾಲು ಗಂಟೆಯ ಪುರಾಣವೂ, ಅಪ್ಪನ ಹತ್ತು ಸೆಕೆಂಡೂ, ಅಮ್ಮ ತಾನೇ ಕಳಿಸಿದ ಉತ್ತರವೂ ಒಂದೇ ರಾಶಿಯಲ್ಲಿ. ಅವನ್ನ ಬೇರ್ಪಡಿಸುತ್ತಾ ಕೂರಲಿಲ್ಲ, ಇಡೀ ಫೋಲ್ಡರನ್ನೇ ಎತ್ತಿಕೊಂಡೆ. ವಾಯ್ಸ್ ಮೆಸೇಜು ಅಂದ್ರೆ ನಿಮಿಷಕ್ಕೆ ಅಂದಾಜು ನೂರೋ ನೂರೈವತ್ತೋ ಕೆಬಿ, ಅಷ್ಟೇ. ಎಷ್ಟೋ ವರ್ಷದ ಮಾತೆಲ್ಲ ಸೇರಿ ಒಂದು ಸಿನಿಮಾದಷ್ಟು ದೊಡ್ಡದಾಗಲ್ಲ.

ಆಮೇಲೆ ಬೇರೆ ಫೋನಿನಲ್ಲಿ ಚಾಟಿನ ಪರದೆಗಳ ಫೋಟೋ ತೆಗೆದಿಟ್ಟುಕೊಂಡು ಅಪ್ಪನವು ಯಾವ ತಾರೀಖಿನವು ಅಂತ ಹೊಂದಿಸಿ ಎಣಿಸಿದೆ. 212 ಇದ್ದವು. ಎಲ್ಲಾ ಸೇರಿ ಹನ್ನೊಂದು ಎಂಬಿ.

ಈಗ ಪಟ್ಟಿಗಳಿಗೆ ಬರ್ತೀನಿ. ಖಾತೆಯ ಒಟ್ಟು ಲೆಕ್ಕ one.google.com/storage ನಲ್ಲಿ ಸಿಗತ್ತೆ. ಅಮ್ಮನದ್ದು ಹೀಗಿತ್ತು: ಫೋಟೋಸ್ 10.1 ಜಿಬಿ, ಹನ್ನೊಂದು ತಿಂಗಳ ಹಳೆಯ ವಾಟ್ಸಾಪ್ ಬ್ಯಾಕಪ್ 3.8, ಜೀಮೇಲ್ 0.9, ಡ್ರೈವ್ 0.2. ಹದಿನೈದಕ್ಕೆ ಹದಿನೈದು. ಹೊಸ ಬ್ಯಾಕಪ್ಪಿಗೆ ಬೇಕಾಗಿದ್ದದ್ದು ವಿಡಿಯೋ ಬಿಟ್ಟು 5.6, ವಿಡಿಯೋ ಸೇರಿಸಿದರೆ 17. ಅಂದ್ರೆ ವಿಡಿಯೋ ಸಮೇತ ಮಾಡಬೇಕಾದರೆ ಬೇರೆಲ್ಲಾ ಸೊನ್ನೆ ಮಾಡಿದರೂ ಸಾಲಲ್ಲ.

ಜೀಮೇಲನ್ನ ಎರಡು ನಿಮಿಷದಲ್ಲಿ ಮುಗಿಸಿದೆ. ಹುಡುಕುವ ಜಾಗದಲ್ಲಿ ಇದನ್ನ ಬರೆದರೆ ಹತ್ತು ಎಂಬಿಗಿಂತ ದೊಡ್ಡ ಅಟ್ಯಾಚ್‌ಮೆಂಟುಗಳು ಮಾತ್ರ ಬರ್ತವೆ:

```
has:attachment larger:10M
```

ಅಮ್ಮನಿಗೆ ಬಂದದ್ದು ಏಳು. ಆರು ನಾನೇ ಕಳಿಸಿದವು. ಅದರ ಬಗ್ಗೆ ಹೆಚ್ಚು ಹೇಳೋದು ಬೇಡ. ಹಾಗೇ ಬಿಟ್ಟೆ, ಅಲ್ಲಿ ಉಳಿಯೋದು ಅಷ್ಟಕ್ಕಷ್ಟೇ. ಆಫೀಸಿನ ಪಿಪಿಟಿಗಳನ್ನ ಹತ್ತು ವರ್ಷದಿಂದ ಸ್ವಂತ ಮೇಲಿಗೆ ಕಳಿಸಿಕೊಳ್ಳುವ ನಮ್ಮಂಥವರಿಗೆ ಮಾತ್ರ ಇದೇ ದೊಡ್ಡ ಗಣಿ.

ಅಸಲಿ ಕಥೆ ಇದ್ದದ್ದು photos.google.com/quotamanagement ಅನ್ನೋ ಪುಟದಲ್ಲಿ. ದೊಡ್ಡ ಫೋಟೋ ಮತ್ತು ವಿಡಿಯೋಗಳನ್ನ ಅದು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸತ್ತೆ. ಸ್ಕ್ರೀನ್‌ಶಾಟುಗಳು, ಮಸುಕಾದ ಫೋಟೋಗಳು ಅಂತ ಬೇರೆ ಸಾಲುಗಳೂ ಇರ್ತವೆ. ಮೊದಲನೇ ಸ್ಥಾನದಲ್ಲಿ 3.1 ಜಿಬಿಯ ಒಂದು ವಿಡಿಯೋ. ಚಿಕ್ಕ ಚಿತ್ರ ನೋಡಿದರೆ ಕೆಸರು, ಒಂದು ಲಾರಿ, ಕಬ್ಬಿಣದ ಪೈಪುಗಳು. ಎರಡು ವರ್ಷದ ಹಿಂದೆ ತೋಟದಲ್ಲಿ ಬೋರು ಕೊರೆಸಿದಾಗ ಚಿಕ್ಕಪ್ಪನ ಮಗ ಅಮ್ಮನ ಫೋನಿನಲ್ಲಿ ತೆಗೆದದ್ದು, ಒಂಬತ್ತು ನಿಮಿಷ. ಕ್ಯಾಮೆರಾವನ್ನ ಅವನು 4ಕೆಗೆ ತಿರುಗಿಸಿಟ್ಟಿದ್ದ. ಸಾಮಾನ್ಯ 1080ಪಿ ವಿಡಿಯೋ ನಿಮಿಷಕ್ಕೆ ಅರವತ್ತರಿಂದ ನೂರಮೂವತ್ತು ಎಂಬಿ ಆದ್ರೆ, 4ಕೆ ಅನ್ನೋದು ಫೋನು ಮತ್ತು ಫೈಲಿನ ಬಗೆ ನೋಡ್ಕೊಂಡು ನೂರೆಪ್ಪತ್ತರಿಂದ ನಾಲ್ಕುನೂರು ಎಂಬಿ ತಿನ್ನತ್ತೆ. ಈ ಫೋನಿನಲ್ಲಿ ಮೂರು ನಿಮಿಷಕ್ಕೆ ಒಂದು ಜಿಬಿ. ಅವನು ಆಮೇಲೆ ಸೆಟ್ಟಿಂಗನ್ನ ವಾಪಸ್ ಇಡಲೇ ಇಲ್ಲ. ಅಲ್ಲಿಂದಾಚೆಗೆ ಅಮ್ಮ ತೆಗೆದ ದಾಸವಾಳದ ವಿಡಿಯೋ ಕೂಡ 4ಕೆ.

ಎರಡನೇ ಸ್ಥಾನದಲ್ಲಿ 0.9 ಜಿಬಿಯ ಇನ್ನೊಂದು. ಪೂರ್ತಿ ಕಪ್ಪು. ಹಾಕಿ ನೋಡಿದರೆ ಅಮ್ಮನ ವ್ಯಾನಿಟಿ ಬ್ಯಾಗಿನ ಒಳಭಾಗ. ಬಸ್ಸಿನ ಸದ್ದು, ಬೀಗದ ಕೈ ಗೊಂಚಲಿನ ಸದ್ದು, ಕಂಡಕ್ಟರು "ತುರುವೇಕೆರೆ ತುರುವೇಕೆರೆ" ಅಂತಿರೋದು. ಇಬ್ಬರೂ ನಗಾಡಿಕೊಂಡು ಅಳಿಸಿದೆವು.

ಬೋರಿನ ವಿಡಿಯೋವನ್ನೂ ಅಳಿಸೋಕೆ ನನ್ನ ಬೆರಳು ಹೋಗಿತ್ತು. ಮೂರು ಜಿಬಿ ಕೆಸರು, ಯಾರಿಗೆ ಬೇಕು? "ತಡಿ, ಹಾಕು" ಅಂದ್ಳು ಅಮ್ಮ. ಏಳೂವರೆ ನಿಮಿಷ ಬರೀ ಯಂತ್ರದ ಗದ್ದಲ. ಎಂಟನೇ ನಿಮಿಷದ ಹೊತ್ತಿಗೆ ನೀರು ಉಕ್ಕಿತು. ಕ್ಯಾಮೆರಾ ಅಲುಗಾಡಿತು, ಯಾರೋ ಸಿಳ್ಳೆ ಹಾಕಿದರು, ಅಪ್ಪನ ಮುಖ ಒಂದು ಕ್ಷಣ ಅಡ್ಡ ಬಂತು, ಕನ್ನಡಕದ ತುಂಬ ಕೆಸರಿನ ಹನಿ. "ಲೇ, ನಿಮ್ಮತ್ತೆಗ್ ಫೋನ್ ಮಾಡ್ರೋ, ನೀರ್ ಬಂತು ಅಂತ" ಅಂತ ಕೂಗ್ತಿದ್ರು. ಆ ಫೋನು ಅಮ್ಮನದ್ದೇ, ಅದು ಇವರ ಕೈಯಲ್ಲೇ ವಿಡಿಯೋ ಮಾಡ್ತಿದೆ ಅನ್ನೋದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆದಿಲ್ಲ.

ಈ ಪಟ್ಟಿಯ ಬಗ್ಗೆ ನನ್ನ ಎರಡನೇ ತಕರಾರು ಇದು. ಗಾತ್ರದ ವಿಷಯದಲ್ಲಿ ಅದು ಪ್ರಾಮಾಣಿಕ, ಒಂದು ಎಂಬಿಯೂ ಸುಳ್ಳು ಹೇಳಲ್ಲ. ಆದ್ರೆ ಗಾತ್ರದ ಕ್ರಮದಲ್ಲಿ ನಿಲ್ಲಿಸಿ, ಪ್ರತಿಯೊಂದರ ಪಕ್ಕ ಟಿಕ್ ಹಾಕೋ ಗುಂಡಿ ಇಟ್ಟಾಗ, ಮೇಲಿರೋದೇ ಮೊದಲು ಹೋಗಬೇಕಾದ್ದು ಅನ್ನೋ ಸಲಹೆಯನ್ನೂ ಅದು ಬಾಯಿಬಿಡದೇ ಕೊಟ್ಟುಬಿಡತ್ತೆ. ಒಂಬತ್ತು ನಿಮಿಷದ ವಿಡಿಯೋ ಅದರ ಕಣ್ಣಿಗೆ ಒಂದು ವಸ್ತು. ಇಡು, ಇಲ್ಲಾ ಬಿಡು. ಅದರಲ್ಲಿ ನಲವತ್ತು ಸೆಕೆಂಡು ಬೇಕು, ಎಂಟು ನಿಮಿಷ ಇಪ್ಪತ್ತು ಸೆಕೆಂಡು ಬೇಡ ಅನ್ನೋ ಮೂರನೇ ದಾರಿ ಆ ಪುಟದಲ್ಲಿ ಇಲ್ಲ. ಇರೋದು ಬೇರೆ ಕಡೆ. ವಿಡಿಯೋ ತೆರೆದು ಎಡಿಟ್ ಒತ್ತಿದರೆ ಕೆಳಗೆ ಎರಡು ಹಿಡಿಕೆ ಬರ್ತವೆ, ಬೇಕಾದಷ್ಟು ಭಾಗಕ್ಕೆ ಎಳೆದು ಪ್ರತಿಯಾಗಿ ಉಳಿಸಬಹುದು. ನಲವತ್ತು ಸೆಕೆಂಡು 230 ಎಂಬಿ ಆಯ್ತು. ಮೂಲವನ್ನ ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ಇಳಿಸಿ, ಎರಡೂ ಕಡೆ ತೆರೆದು ಕೊನೆಯವರೆಗೂ ಓಡತ್ತಾ ನೋಡಿ, ಆಮೇಲೆ ಅಳಿಸಿದೆ. ಆ ಕೊನೆಯ ನೋಟ ಮುಖ್ಯ. ಅರ್ಧಕ್ಕೆ ನಿಂತ ಕಾಪಿಗೂ ಚಿಕ್ಕ ಚಿತ್ರ ಚೆನ್ನಾಗೇ ಕಾಣ್ತಿರತ್ತೆ.

ಇದೇ ಜಾಗದಲ್ಲಿ ಎಲ್ಲಾ ಹಳೆಯ ಫೋಟೋ ವಿಡಿಯೋಗಳನ್ನ ಒಟ್ಟಿಗೆ ಕುಗ್ಗಿಸುವ ಸೌಲಭ್ಯವೊಂದು ಇದೆ. 16 ಮೆಗಾಪಿಕ್ಸೆಲ್ಲಿಗಿಂತ ದೊಡ್ಡ ಫೋಟೋ ಅಷ್ಟಕ್ಕೆ ಇಳಿಯತ್ತೆ, 1080ಪಿ ಮೀರಿದ ವಿಡಿಯೋ ಅಷ್ಟಕ್ಕೆ ಇಳಿಯತ್ತೆ. ಒಮ್ಮೆ ಮಾಡಿದರೆ ವಾಪಸ್ ಬರಲ್ಲ. ಅಮ್ಮನಂಥವರಿಗೆ ಅದೇ ಸಾಕು ಅಂತ ನನಗೆ ಅನಿಸತ್ತೆ. ಆದ್ರೆ ಆ ರಾತ್ರಿ ಅದನ್ನ ಮುಟ್ಟಲಿಲ್ಲ. ಅಳಿಸುವ ಕೆಲಸವನ್ನೂ ಕುಗ್ಗಿಸುವ ಕೆಲಸವನ್ನೂ ಒಟ್ಟಿಗೆ ಮಾಡಿದರೆ ಏನು ಎಲ್ಲಿ ಹೋಯ್ತು ಅಂತ ಗೊತ್ತಾಗದೇ ಹೋಗ್ತದೆ ಅನ್ನೋ ಭಯ.

ಫೋಟೋಸಿನಲ್ಲಿ ಇನ್ನೊಂದು ಕಳ್ಳ ಸಿಕ್ಕಿತು. ವಾಟ್ಸಾಪಿಗೆ ಬಂದ ಚಿತ್ರಗಳ ಫೋಲ್ಡರನ್ನೂ ಬ್ಯಾಕಪ್ ಮಾಡು ಅಂತ ಯಾವಾಗಲೋ ಯಾರೋ ಒಪ್ಪಿಗೆ ಕೊಟ್ಟಿದ್ದರು. ಬಹುಶಃ ನಾನೇ. ಅಂದ್ರೆ ಒಂದೊಂದು ಶುಭೋದಯವೂ ಎರಡೆರಡು ಸಲ ತೂಗ್ತಿತ್ತು, ಒಮ್ಮೆ ಫೋಟೋಸಿನಲ್ಲಿ, ಇನ್ನೊಮ್ಮೆ ವಾಟ್ಸಾಪ್ ಬ್ಯಾಕಪ್ಪಿನೊಳಗೆ. ಫೋಟೋಸಿನ ಸೆಟ್ಟಿಂಗ್ಸಿನಲ್ಲಿ ಬ್ಯಾಕಪ್ ಒಳಗೆ ಫೋನಿನ ಫೋಲ್ಡರುಗಳ ಪಟ್ಟಿ ಇರತ್ತೆ, ಅಲ್ಲಿ WhatsApp Images ಆರಿಸಿದೆ. ಆರಿಸಿದರೆ ಇನ್ನು ಮುಂದಿನವು ಮಾತ್ರ ಏರಲ್ಲ, ಈಗಾಗಲೇ ಏರಿದವನ್ನ ಕೈಯಾರೆ ತೆಗೆಯಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಫೋಟೋಸ್ ಕನ್ನಡಿಯಲ್ಲವಾ, ಫೋನಿನ ಆಪಿನಿಂದ ತೆಗೆದರೆ ವಾಟ್ಸಾಪಿನ ಚಿತ್ರವೂ ಹೋಗಬಹುದು. ಹಾಗಾಗಿ ಇಂಥ ಕೆಲಸಕ್ಕೆ ಮುಂಚೆ ಆ ಚಿತ್ರಗಳ ಫೋಲ್ಡರನ್ನೂ ಕೇಬಲ್ಲಿನಿಂದ ಒಮ್ಮೆ ಇಳಿಸಿಕೊಂಡಿದ್ದೆ. ಸುಮಾರು 1.1 ಜಿಬಿ ಹೀಗೆ ಹೋಯ್ತು. ಒಟ್ಟು ಲೆಕ್ಕದಲ್ಲಿ ಫೋಟೋಸ್ 10.1ರಿಂದ 5.2ಕ್ಕೆ ಇಳಿಯಿತು. ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು, ಮರೀಬೇಡಿ. ಫೋಟೋಸಿನ ಬುಟ್ಟಿ ಬ್ಯಾಕಪ್ ಆದವನ್ನ ಅರವತ್ತು ದಿನ ಇಟ್ಕೊಂಡಿರತ್ತೆ, ಜೀಮೇಲ್ ಮತ್ತು ಡ್ರೈವಿನವು ಮೂವತ್ತು ದಿನ. ಅಳಿಸಿದೆ, ಆದ್ರೂ ಮೀಟರು ಇಳೀಲಿಲ್ಲ ಅನ್ನೋ ಹತ್ತರಲ್ಲಿ ಎಂಟು ದೂರಿಗೆ ಈ ಬುಟ್ಟಿಯೇ ಕಾರಣ ಇರತ್ತೆ ಅಂತ ನನ್ನ ಅಂದಾಜು.

ಕೊನೆಗೆ ವಾಟ್ಸಾಪಿನ ಒಳಗಿನ ಪಟ್ಟಿ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ Manage storage. ಮೂರರಲ್ಲಿ ಇದೇ ಒಳ್ಳೆಯ ಪಟ್ಟಿ, ಯಾಕೆಂದ್ರೆ ಇದರಲ್ಲಿ ಮನುಷ್ಯರ ಹೆಸರಿರತ್ತೆ. ಮೇಲೆ ಎರಡು ರಾಶಿ: ತುಂಬಾ ಸಲ ಫಾರ್ವರ್ಡ್ ಆದವು, ಮತ್ತು 5 ಎಂಬಿಗಿಂತ ದೊಡ್ಡವು. ಅದರ ಕೆಳಗೆ ಒಂದೊಂದು ಚಾಟೂ ಎಷ್ಟೆಷ್ಟು ತಿಂದಿದೆ ಅಂತ. ಅಮ್ಮನ ಭಜನಾ ಮಂಡಳಿ 6.1 ಜಿಬಿ. ನನ್ನ ತಂಗಿಯ ಮದುವೆಯ ಗ್ರೂಪು 3.4. ಆಮೇಲೆ ನೆಂಟರ ಎರಡು ಗ್ರೂಪು. ಬೆರಳಿಂದ ಎಳೆದೂ ಎಳೆದೂ ಕೆಳಗೆ ಹೋದಮೇಲೆ, ಗ್ಯಾಸ್ ಏಜೆನ್ಸಿಯವನಿಗಿಂತ ಸ್ವಲ್ಪ ಮೇಲೆ ಅಪ್ಪ. 38 ಎಂಬಿ. ಮಾತು ಹನ್ನೊಂದು, ಉಳಿದದ್ದು ಚಿತ್ರಗಳು ಮತ್ತು ಒಂದೆರಡು ಪುಟ್ಟ ವಿಡಿಯೋ.

ಬ್ಯಾಕಪ್ ಪುಟದಲ್ಲಿ ವಿಡಿಯೋ ಸೇರಿಸು ಅನ್ನೋ ಒಂದೇ ಗುಂಡಿ ಇದೆ. ಆರಿಸಿದರೆ ಭಜನಾ ಮಂಡಳಿಯ ಆರು ಜಿಬಿಯ ಜೊತೆಗೆ, ಅಪ್ಪ ತೆಂಗಿನ ಸಸಿಯ ಪಕ್ಕ ನಿಂತು "ನೋಡು, ಸುಳಿ ಬಂದೈತೆ" ಅಂದ ಹದಿನಾಲ್ಕು ಸೆಕೆಂಡೂ ಬ್ಯಾಕಪ್ಪಿನಿಂದ ಹೊರಗೆ. ಈ ಚಾಟಿನದು ಇರಲಿ, ಆ ಗ್ರೂಪಿನದು ಬೇಡ ಅನ್ನೋಕೆ ದಾರಿಯಿಲ್ಲ. ಹೀಗಾಗಿ ಜಾಗ ಉಳಿಸೋಕೆ ಎಲ್ಲರೂ ಕೊಡುವ "ವಿಡಿಯೋ ಆಫ್ ಮಾಡಿ" ಅನ್ನೋ ಸಲಹೆಯನ್ನ ನಾನು ಒಪ್ಪಲ್ಲ. ಗ್ರೂಪುಗಳನ್ನ ಗುಡಿಸಿ, ಆಮೇಲೆ ವಿಡಿಯೋ ಸಮೇತ ಬ್ಯಾಕಪ್ ಮಾಡೋದು ಹೆಚ್ಚು ಕೆಲಸ, ಆದ್ರೆ ಅದೇ ಸರಿ.

ಗುಡಿಸೋಕೆ ಕೂತೆವು. ನಿಯಮ ಹಾಕಿದ್ದು ಅಮ್ಮನೇ. ಬೇರೆ ಯಾರ ಹತ್ರ ಆದ್ರೂ ಇದ್ಯಾ ಅಂತ ಮೊದಲ ಪ್ರಶ್ನೆ. ಮದುವೆಯ ವಿಡಿಯೋ ತಂಗಿಯ ಹತ್ರ ಇದೆ, ಫೋಟೋದವನು ಕೊಟ್ಟ ಡಿಸ್ಕೂ ಇದೆ, ತೆಗಿ. ಭಜನೆ ಯೂಟ್ಯೂಬಲ್ಲಿ ಸಿಗತ್ತೆ, ತೆಗಿ. "ಇದು?" ಅಂತ ಮಂಡಳಿಯಲ್ಲಿ ಯಾರದೋ ಮೊಮ್ಮಗು ಹೆಜ್ಜೆ ಇಡೋ ವಿಡಿಯೋ ತೋರಿಸಿದೆ. "ಅವ್ರತ್ರ ಇರ್ತದೆ ತೆಗಿ" ಅಂದ್ಳು. ಆಮೇಲೆ, "ಅಯ್ಯೋ ಇರ್ಲಿ ಬಿಡು, ಚೆನ್ನಾಗೈತೆ." ಎರಡು ಗಂಟೆಯಲ್ಲಿ 17 ಜಿಬಿ 6.4ಕ್ಕೆ ಬಂತು. ನಡುವೆ ಪರದೆಯ ಸತ್ತ ಭಾಗಕ್ಕೆ ಅಳಿಸುವ ಗುಂಡಿ ಬಂದಾಗೆಲ್ಲ ಫೋನನ್ನ ಅಡ್ಡ ತಿರುಗಿಸಿ ಒತ್ತಬೇಕಾಗ್ತಿತ್ತು.

ಫಾರ್ವರ್ಡ್ ಆದವುಗಳ ರಾಶಿಯನ್ನ ನೋಡದೇ ಒಟ್ಟಿಗೆ ಟಿಕ್ ಹಾಕಿದ್ದೆ. ಆ ಹಣೆಪಟ್ಟಿಯೇ ತೀರ್ಪಿನ ಹಾಗಿದೆಯಲ್ಲ. ಯಾರೋ ಮಾಡಿದ್ದು, ಎಲ್ಲರಿಗೂ ಹೋದದ್ದು, ನಿನಗೆ ಅಂತ ಬಂದದ್ದಲ್ಲ. ಗುಲಾಬಿ ಹೂವು, ಹಿಂದೆ ಸೂರ್ಯ, ಮೇಲೆ ಶುಭೋದಯ. ನಮ್ಮ ಪೀಳಿಗೆಯವರು ಇದರ ಮೇಲೆ ಮಾಡಿರೋ ಜೋಕುಗಳಿಗೆ ಲೆಕ್ಕವಿಲ್ಲ, ನಾನೂ ಈ ಅಂಕಣದಲ್ಲೇ ಒಂದಿಡೀ ಬರಹ ಬರೆದಿದೀನಿ.

"ಅದ್ರಾಗೆ ನಿಮ್ಮಪ್ಪಂದು ಅವೆ" ಅಂದ್ಳು ಅಮ್ಮ.

ಟಿಕ್ ತೆಗೆದು ಅಪ್ಪನ ಚಾಟಿನೊಳಗೆ ಹೋಗಿ ನೋಡಿದೆ. ತೋಟದಲ್ಲಿದ್ದ ದಿನವೆಲ್ಲ ಬೆಳಿಗ್ಗೆ ಐದೂಮುಕ್ಕಾಲು, ಆರರ ಹೊತ್ತಿಗೆ ಒಂದೊಂದು ಬಂದಿದೆ. ಊರಿಗೆ ಬಂದಿದ್ದ ದಿನ ಇಲ್ಲ. ಎದ್ದಿದೀನಿ, ಚೆನ್ನಾಗಿದೀನಿ ಅನ್ನೋಕೆ ಅವರು ಆ ಗುಲಾಬಿಯನ್ನ ಬಳಸ್ತಿದ್ರು. ಅಮ್ಮ ತಿರುಗಿ ಒಂದು ಕೈಮುಗಿಯುವ ಗುರುತು ಹಾಕಿ ಕಾಫಿಗೆ ಇಡ್ತಿದ್ದಳಂತೆ. ಒಂದು ದಿನ ಬರದಿದ್ದರೆ ಏಳಕ್ಕೆ ಫೋನು ಮಾಡ್ತಿದ್ದಳು. ನನಗಿದು ಗೊತ್ತೇ ಇರಲಿಲ್ಲ.

ಆ ಚಾಟಿನಲ್ಲಿ ಒಂದನ್ನೂ ಮುಟ್ಟಲಿಲ್ಲ.

ರಾತ್ರಿ ಹನ್ನೊಂದೂವರೆಗೆ ವಿಡಿಯೋ ಸಮೇತ ಬ್ಯಾಕಪ್ ಒತ್ತಿದೆ. ಮನೆಯ ವೈಫೈಗೆ 6.4 ಜಿಬಿ ಏರಿಸೋದು ಅಂದ್ರೆ ಎತ್ತಿನಗಾಡಿ ಕೆಲಸ. ಫೋನನ್ನ ಚಾರ್ಜಿಗೆ ಹಾಕಿ, ಪರದೆ ಆರದ ಹಾಗೆ ಮಾಡಿ ಮಲಗಿದೆವು. ಮೂರು ಗಂಟೆಗೆ ಎದ್ದು ನೋಡಿದಾಗ ಇನ್ನೂ ಅರ್ಧ ಆಗಿತ್ತು. ಬೆಳಿಗ್ಗೆ ಬ್ಯಾಕಪ್ ಪುಟದಲ್ಲಿ ಅವತ್ತಿನ ತಾರೀಖು, 6.4 ಜಿಬಿ. ಅದೊಂದನ್ನೇ ನಂಬದೇ ಡ್ರೈವ್ ತೆರೆದು ಎಡಗಡೆಯ ಮೆನುವಿನಲ್ಲಿ ಬ್ಯಾಕಪ್ಸ್ ಅನ್ನೋದನ್ನ ಒತ್ತಿ ಅಲ್ಲೂ ಅದೇ ತಾರೀಖು ಬಂದಿದೆಯಾ ನೋಡಿದೆ. ಬಂದಿತ್ತು. ಖಾತೆಯ ಲೆಕ್ಕ 12.7ಕ್ಕೆ ನಿಂತಿತ್ತು.

ಪರದೆ ಸೋಮವಾರ ಮಧ್ಯಾಹ್ನ ಪೂರ್ತಿ ಹೋಯ್ತು. ಮಂಗಳವಾರ ಹೊಸ ಫೋನಿಗೆ ಅದೇ ನಂಬರು, ಅದೇ ಗೂಗಲ್ ಖಾತೆ ಹಾಕಿದಾಗ ವಾಟ್ಸಾಪು ಬ್ಯಾಕಪ್ ಸಿಕ್ಕಿದೆ, ಇಳಿಸಲಾ ಅಂತ ಕೇಳಿತು. ಈ ಪ್ರಶ್ನೆ ಮೊದಲ ಸಲ ಹಾಕಿಕೊಳ್ಳುವಾಗ ಬರೋದು. ಅವಸರಕ್ಕೆ ಬಿದ್ದು ಬೇಡ ಅಂತ ಒತ್ತಿ ಮುಂದೆ ಹೋದವರು ಆಪ್ ಕಿತ್ತು ಮತ್ತೆ ಹಾಕಬೇಕಾಗತ್ತೆ. ನಾನು ಬೆಂಗಳೂರಿನಿಂದ ಫೋನಿನಲ್ಲಿ ಹೇಳ್ತಾ ಇದ್ದೆ, ತಮ್ಮ ಅಲ್ಲಿ ಒತ್ತುತ್ತಾ ಇದ್ದ. ಮೆಸೇಜುಗಳು ಮೊದಲು ಬಂದವು. ಮಾತು, ಚಿತ್ರ, ವಿಡಿಯೋಗಳೆಲ್ಲ ಹಿಂದಿನಿಂದ ಒಂದೊಂದಾಗಿ ಇಳೀತಿದ್ದವು.

ಹೊಸ ಫೋನಿನ ಕ್ಯಾಮೆರಾವನ್ನ 1080ಪಿಗೆ ಇಳಿಸು ಅಂತ ಹೇಳಿದೆ. ಅಮ್ಮ ಫೋನು ಇಸ್ಕೊಂಡು, "ಅದಿರ್ಲಿ, ಆ ಬಸ್ಸಿಂದು ಅಳ್ಸಿದ್ದು ವಾಪಸ್ ಬರಾಕಿಲ್ವೇನೋ?" ಅಂತ ಕೇಳಿದ್ಳು. ಬುಟ್ಟಿ ಖಾಲಿ ಮಾಡಿಬಿಟ್ಟಿದೀನಿ ಅಮ್ಮ, ಯಾಕೆ ಅಂದೆ. ಅವತ್ತು ತುರುವೇಕೆರೆ ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದದ್ದು ಅಪ್ಪನಂತೆ. ಇಡೀ ದಾರಿ ಇಬ್ಬರೂ ಮಾತೇ ಆಡಿರಲಿಲ್ಲ, ಕೊಬ್ಬರಿ ಮಾರೋ ವಿಷಯಕ್ಕೆ ಜಗಳ ಆಗಿತ್ತು ಅಂತ.